ಒಡೆಯದಂತೆ ಕಟ್ಟುವುದು ಹೇಗೆ? ಕೊರಿಯರ್‌ಗೊಂದು ಕ್ರಮ, ಮನೆ ಸಾಗಣೆಗೊಂದು ಕ್ರಮ

ಮೈಸೂರಿನ ಮನೆಯೊಂದರಲ್ಲಿ ಪ್ರತಿ ನವರಾತ್ರಿಗೂ ಮೆಟ್ಟಿಲ ಮೇಲೆ ಕೂರುತ್ತಿದ್ದ ಮಣ್ಣಿನ ಸರಸ್ವತಿ ಗೊಂಬೆ ಪುಣೆಯಲ್ಲಿರುವ ಮಗಳ ಮನೆಗೆ ಕೊರಿಯರ್‌ನಲ್ಲಿ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. ಗೊಂಬೆಗೆ ಬಬಲ್ ರ‍್ಯಾಪ್ ಸುತ್ತಿ, ಪೆಟ್ಟಿಗೆಯೊಳಗೆ ಹಳೆಯ ಪತ್ರಿಕೆಗಳನ್ನು ತುರುಕಿ, ಮೇಲೆ ದಪ್ಪ ಅಕ್ಷರಗಳಲ್ಲಿ 'ಒಡೆಯುವ ವಸ್ತು' ಎಂದು ಬರೆದದ್ದೂ ಆಗಿರುತ್ತದೆ. ಆದರೂ ಪುಣೆಯಲ್ಲಿ ಪೆಟ್ಟಿಗೆ ತೆರೆದಾಗ ಗೊಂಬೆಯ ಕುತ್ತಿಗೆ ಮುರಿದಿರುತ್ತದೆ. ಪೆಟ್ಟಿಗೆಯ ಹೊರಮೈ ಮಾತ್ರ ಎಲ್ಲಿಯೂ ಹರಿದಿರುವುದಿಲ್ಲ.

ಇಂತಹ ಹಾನಿಗೆ ಸಾಮಗ್ರಿಯ ಕೊರತೆಗಿಂತ ಅದರ ತಪ್ಪು ಬಳಕೆಯೇ ಹೆಚ್ಚಾಗಿ ಕಾರಣ. ಪತ್ರಿಕೆ, ಬಬಲ್ ರ‍್ಯಾಪ್, ರಟ್ಟು, ಫೋಮ್ ಈ ನಾಲ್ಕೂ ಒಂದೇ ಕೆಲಸವನ್ನು ಮಾಡುವುದಿಲ್ಲ. ಹಾಗೆಯೇ ಕೊರಿಯರ್ ಪೆಟ್ಟಿಗೆಗೂ ಮನೆ ಸಾಗಣೆಯ ಪೆಟ್ಟಿಗೆಗೂ ಎದುರಾಗುವ ಅಪಾಯ ಒಂದೇ ಬಗೆಯದಲ್ಲ. ಈ ಎರಡು ಸಂಗತಿಗಳನ್ನು ಅರಿತರೆ ಯಾವ ವಸ್ತುವನ್ನು ಹೇಗೆ ಕಟ್ಟಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಬೀಳುವುದಲ್ಲ, ನಿಲ್ಲುವುದು ಒಡೆಯುತ್ತದೆ

ಕೈಜಾರಿದ ವಸ್ತು ಗಾಳಿಯಲ್ಲಿರುವಾಗ ಅದಕ್ಕೆ ಯಾವ ಹಾನಿಯೂ ಆಗುವುದಿಲ್ಲ. ಹಾನಿಯಾಗುವುದು ಅದು ನೆಲ ಮುಟ್ಟಿ ನಿಲ್ಲುವ ಕ್ಷಣದಲ್ಲಿ. ಎಷ್ಟು ಕಡಿಮೆ ದೂರದಲ್ಲಿ ನಿಲ್ಲುತ್ತದೆಯೋ ಪೆಟ್ಟು ಅಷ್ಟು ಜೋರು. ಇದಕ್ಕೊಂದು ಸರಳ ಲೆಕ್ಕವಿದೆ. ಬಿದ್ದ ಎತ್ತರವನ್ನು ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿದರೆ, ವಸ್ತುವಿನ ಮೇಲೆ ಅದರ ಸ್ವಂತ ತೂಕದ ಸರಿಸುಮಾರು ಎಷ್ಟು ಪಟ್ಟು ಭಾರ ಬಿತ್ತೆಂಬುದು ತಿಳಿಯುತ್ತದೆ.

ಗೊಂಬೆಯ ಪೆಟ್ಟಿಗೆ ಸೊಂಟದೆತ್ತರಕ್ಕಿಂತ ತುಸು ಕೆಳಗಿನಿಂದ, ಅಂದರೆ 75 ಸೆಂಟಿಮೀಟರ್ ಎತ್ತರದಿಂದ ಬಿದ್ದಿತೆನ್ನೋಣ. ಒಳಗಿನ ಗೊಂಬೆ ನೇರವಾಗಿ ರಟ್ಟಿಗೆ ತಾಗಿಕೊಂಡಿದ್ದರೆ, ರಟ್ಟು ಅಪ್ಪಚ್ಚಿಯಾಗುವ ಅರ್ಧ ಸೆಂಟಿಮೀಟರಿನಲ್ಲಿಯೇ ಅದು ನಿಲ್ಲಬೇಕಾಗುತ್ತದೆ. 75ನ್ನು ಅರ್ಧದಿಂದ ಭಾಗಿಸಿದರೆ 150. ಗೊಂಬೆಯ ತಲೆ 300 ಗ್ರಾಂ ತೂಗುವುದಾದರೆ ಆ ಕ್ಷಣದಲ್ಲಿ ಕುತ್ತಿಗೆಯ ಮೇಲೆ 45 ಕಿಲೋಗ್ರಾಂ ಭಾರ ಹೇರಿದಂತಾಗುತ್ತದೆ. ಅದೇ ಗೊಂಬೆ ಎರಡೂವರೆ ಸೆಂಟಿಮೀಟರ್ ತಗ್ಗಬಲ್ಲ ಮೆತ್ತೆಯ ಮೇಲೆ ನಿಂತರೆ ಈ ಪಟ್ಟು 30ಕ್ಕೆ ಇಳಿಯುತ್ತದೆ, ಕುತ್ತಿಗೆಯ ಮೇಲಿನ ಭಾರ 9 ಕಿಲೋಗ್ರಾಮಿಗೆ ತಗ್ಗುತ್ತದೆ. ಇದು ಸರಾಸರಿಯ ಲೆಕ್ಕ. ಪೆಟ್ಟಿನ ತುತ್ತತುದಿಯಲ್ಲಿ ಭಾರ ಇದಕ್ಕಿಂತ ಹೆಚ್ಚಿರುತ್ತದೆ. ಆದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ಅಂತರ ಇದರಿಂದ ತಿಳಿಯುತ್ತದೆ.

ಮೆತ್ತೆಯ ಪೂರ್ತಿ ದಪ್ಪ ಕೆಲಸಕ್ಕೆ ಬರುವುದಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಐದು ಸೆಂಟಿಮೀಟರ್ ದಪ್ಪದ ಫೋಮ್ ಸುಮಾರು ಅರ್ಧದಷ್ಟು ತಗ್ಗುತ್ತದೆ. ಅನಂತರ ಅದು ಬಿಗಿಯಾಗಿ ರಟ್ಟಿನಂತೆಯೇ ವರ್ತಿಸುತ್ತದೆ. ಒಡೆಯುವ ವಸ್ತುವಿಗೂ ಹೊರಪೆಟ್ಟಿಗೆಯ ಗೋಡೆಗೂ ನಡುವೆ ಎಲ್ಲ ಆರು ಕಡೆಗಳಲ್ಲಿ ಐದು ಸೆಂಟಿಮೀಟರ್ ಬಿಡಬೇಕೆಂಬ ವಾಡಿಕೆಗೆ ಕಾರಣ ಇದೇ.

ನಾಲ್ಕು ಸಾಮಗ್ರಿ, ನಾಲ್ಕು ಗುಣ

ರಟ್ಟಿನ ಪೆಟ್ಟಿಗೆಯ ಕೆಲಸ ಮೇಲಿನ ಭಾರವನ್ನು ಹೊರುವುದೇ ಹೊರತು ಪೆಟ್ಟನ್ನು ನುಂಗುವುದಲ್ಲ. ಈ ರಟ್ಟಿನಲ್ಲಿ ಎರಡು ಹಾಳೆಗಳ ನಡುವೆ ಅಲೆಯಂತೆ ಮಡಿಸಿದ ಕಾಗದವಿರುತ್ತದೆ. ಅಂತಹ ಅಲೆಯ ಕಾಗದವನ್ನಷ್ಟೇ 1871ರಲ್ಲಿ ಅಮೆರಿಕದ ಆಲ್ಬರ್ಟ್ ಜೋನ್ಸ್ ಬಾಟಲಿ ಮತ್ತು ದೀಪದ ಗಾಜುಗಳನ್ನು ಸುತ್ತಲೆಂದು ಬಳಕೆಗೆ ತಂದರು. ಅಲೆಯ ಗೆರೆಗಳು ನೆಟ್ಟಗೆ ನಿಂತಿರುವಾಗ ಪೆಟ್ಟಿಗೆಗೆ ಕಂಬಗಳಿದ್ದಂತೆ. ಅಡ್ಡಲಾಗಿ ಮಲಗಿದರೆ ಆ ಬಲ ಬಹಳಷ್ಟು ಕುಂದುತ್ತದೆ. ಭಾರದ ಹೆಚ್ಚಿನ ಪಾಲನ್ನು ಹೊರುವುದು ಪೆಟ್ಟಿಗೆಯ ನಾಲ್ಕು ಮೂಲೆಗಳು. ಆದುದರಿಂದ ಕಿರಾಣಿ ಅಂಗಡಿಯಿಂದ ತಂದ ಹಳೆಯ ಪೆಟ್ಟಿಗೆಯನ್ನು ಪರೀಕ್ಷಿಸುವಾಗ ಮೊದಲು ಮೂಲೆಗಳನ್ನು ನೋಡಬೇಕು. ಮೂಲೆ ಮೆತ್ತಗಾಗಿದ್ದರೆ ಅಥವಾ ಗೋಡೆಯಲ್ಲಿ ಮುರಿದ ಗೆರೆ ಮೂಡಿದ್ದರೆ ಅದು ಬಟ್ಟೆಗೆ ಸರಿ, ಪಿಂಗಾಣಿಗೆ ಸಲ್ಲದು. ಅಂಗಡಿಗಳಲ್ಲಿ ಮೂರು ಪ್ಲೈ, ಐದು ಪ್ಲೈ ಎಂದು ಮಾರುವುದು ಕಾಗದದ ಪದರಗಳ ಲೆಕ್ಕ. ಮೂರು ಪ್ಲೈ ಎಂದರೆ ಒಂದು ಅಲೆ, ಐದು ಪ್ಲೈ ಎಂದರೆ ಎರಡು ಅಲೆ. ಒಡೆಯುವ ವಸ್ತುಗಳಿಗೆ ಹೊರಪೆಟ್ಟಿಗೆ ಐದು ಪ್ಲೈನದಾಗಿರುವುದು ಲೇಸು.

ಪತ್ರಿಕೆಯು ಅಗ್ಗದ ತುಂಬುವಸ್ತು. ಸಡಿಲವಾಗಿ ಮುದುರಿದ ಹಾಳೆಯಲ್ಲಿ ಗಾಳಿ ಹಿಡಿದು ನಿಂತಿರುತ್ತದೆ, ಅದೇ ಅದರ ಮೆತ್ತೆ. ಆದರೆ ಒಮ್ಮೆ ಅಮುಕಿದ ಪತ್ರಿಕೆ ಮತ್ತೆ ಎದ್ದು ನಿಲ್ಲುವುದಿಲ್ಲ. ಮೊದಲ ಪೆಟ್ಟಿಗೆ ಅದು ಚಪ್ಪಟೆಯಾಗುತ್ತದೆ, ಎರಡನೆಯ ಪೆಟ್ಟಿನ ಹೊತ್ತಿಗೆ ಅಲ್ಲಿ ಮೆತ್ತೆಯೇ ಇರುವುದಿಲ್ಲ. ಹಲವು ತಾಸುಗಳ ಅಲುಗಾಟದಲ್ಲಿಯೂ ಅದು ನಿಧಾನವಾಗಿ ಕುಸಿದು ಮೇಲೆ ಖಾಲಿ ಜಾಗ ಬಿಡುತ್ತದೆ. ಶಾಯಿ ಅಂಟುವುದು ಇನ್ನೊಂದು ತೊಡಕು. ನುಣುಪಾದ ಪಿಂಗಾಣಿ ತಟ್ಟೆಗೆ ಹತ್ತಿದ ಶಾಯಿಯನ್ನು ತೊಳೆದು ತೆಗೆಯಬಹುದು. ಬಣ್ಣ ಬಳಿದ ಮಣ್ಣಿನ ಗೊಂಬೆಯನ್ನು ತೊಳೆಯಲು ಬರುವುದಿಲ್ಲ.

ಬಬಲ್ ರ‍್ಯಾಪ್ ಪೆಟ್ಟನ್ನು ತಾಳಿ ಮತ್ತೆ ಮೊದಲಿನಂತಾಗುತ್ತದೆ, ಆದರೆ ಗುಳ್ಳೆ ಒಡೆಯುವವರೆಗೆ ಮಾತ್ರ. 1957ರಲ್ಲಿ ಅಮೆರಿಕದ ಆಲ್‌ಫ್ರೆಡ್ ಫೀಲ್ಡಿಂಗ್ ಮತ್ತು ಮಾರ್ಕ್ ಶಾವಾನ್ ಗೋಡೆಗೆ ಅಂಟಿಸುವ ಹಾಳೆಯೊಂದನ್ನು ತಯಾರಿಸಲು ಹೊರಟಾಗ ಇದು ಹುಟ್ಟಿತು. ಗೋಡೆಯ ಹಾಳೆಯಾಗಿ ಅದು ಮಾರಾಟವಾಗಲಿಲ್ಲ. ಸುಮಾರು ಒಂದು ಸೆಂಟಿಮೀಟರ್ ಅಗಲದ ಸಣ್ಣ ಗುಳ್ಳೆಯ ಹಾಳೆ ವಸ್ತುವನ್ನು ಸುತ್ತುವುದಕ್ಕೆ, ಎರಡೂವರೆ ಸೆಂಟಿಮೀಟರ್ ಆಸುಪಾಸಿನ ದೊಡ್ಡ ಗುಳ್ಳೆಯ ಹಾಳೆ ಜಾಗ ತುಂಬುವುದಕ್ಕೆ ಒದಗುತ್ತದೆ. ಭಾರವಾದ ವಸ್ತುವಿನ ಕಿರಿದಾದ ಪಾದದ ಕೆಳಗೆ ಬಬಲ್ ರ‍್ಯಾಪ್ ಇಡುವುದು ವ್ಯರ್ಥ. ನಾಲ್ಕು ಕಿಲೋಗ್ರಾಂ ತೂಗುವ ಉಪ್ಪಿನಕಾಯಿ ಜಾಡಿಯ ಭಾರವೆಲ್ಲ ತಳದ ಅಂಚಿನ ಉಂಗುರದ ಮೇಲೆಯೇ ಬೀಳುವುದರಿಂದ ಅಲ್ಲಿನ ಗುಳ್ಳೆಗಳು ದಾರಿಯಲ್ಲಿಯೇ ಒಡೆದುಹೋಗುತ್ತವೆ. ತಳದ ಕೆಳಗೆ ಮೊದಲು ರಟ್ಟಿನ ತುಂಡೊಂದನ್ನಿಟ್ಟು ಭಾರವನ್ನು ಹರಡಿ, ಅದರ ಕೆಳಗೆ ಮೆತ್ತೆಯನ್ನು ಇಡಬೇಕು.

ಫೋಮ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಬಿಳಿಯ, ಬಾಗುವ, ಹಿಚುಕಿದರೆ ಮರಳಿ ಉಬ್ಬುವ ಇಪಿಇ ಫೋಮ್ ಪದೇ ಪದೇ ಬೀಳುವ ಪೆಟ್ಟುಗಳಿಗೆ ತಕ್ಕದ್ದು. ಥರ್ಮೋಕೋಲ್ ಒಂದು ದೊಡ್ಡ ಪೆಟ್ಟನ್ನು ಚೆನ್ನಾಗಿ ನುಂಗುತ್ತದೆ, ಆದರೆ ಕುಸಿದ ಜಾಗದಲ್ಲಿ ಮತ್ತೆ ಏಳುವುದಿಲ್ಲ. ಹಾಸಿಗೆ, ಸೋಫಾಗಳ ಸ್ಪಂಜು ಬಹಳ ಮೆತ್ತಗಿರುವುದರಿಂದ ಭಾರದ ವಸ್ತು ಅದನ್ನು ತಳದವರೆಗೂ ಅಮುಕಿ ನೆಲಕ್ಕೇ ತಾಗುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಹಗುರವಾದ ವಸ್ತುವಿನ ಕೆಳಗೆ ಗಟ್ಟಿಯಾದ ಫೋಮಿನ ಅಗಲವಾದ ಹಲಗೆಯನ್ನಿಟ್ಟರೆ ವಸ್ತುವಿಗೆ ಅದನ್ನು ಅಮುಕುವ ಶಕ್ತಿಯೇ ಇರುವುದಿಲ್ಲ, ಫೋಮ್ ಮರದ ಹಲಗೆಯಂತೆಯೇ ಪೆಟ್ಟನ್ನು ದಾಟಿಸುತ್ತದೆ. ಮೆತ್ತೆ ತಗ್ಗಬೇಕು, ಆದರೆ ತಳಮುಟ್ಟಬಾರದು.

ಎರಡು ಪ್ರಯಾಣ, ಎರಡು ಅಪಾಯ

ಮನೆ ಸಾಗಣೆಯಲ್ಲಿ ಪೆಟ್ಟಿಗೆ ಹೆಚ್ಚು ಕೈಗಳಿಗೆ ಹೋಗುವುದಿಲ್ಲ. ಮನೆಯಿಂದ ಲಾರಿಗೆ, ಲಾರಿಯಿಂದ ಮನೆಗೆ, ಸಾಮಾನ್ಯವಾಗಿ ಅಷ್ಟೆ. ಆದರೆ ಅದರ ಮೇಲೆ ಮತ್ತೆ ಎರಡು ಮೂರು ಪೆಟ್ಟಿಗೆಗಳು ಕೂರುತ್ತವೆ, ರಸ್ತೆಯುಬ್ಬು ಗುಂಡಿಗಳ ಮೇಲೆ ಗಂಟೆಗಟ್ಟಲೆ ಅಲುಗಾಡುತ್ತದೆ. ಇಲ್ಲಿ ಶತ್ರುಗಳೆಂದರೆ ಮೇಲಿನ ಭಾರ ಮತ್ತು ಕಂಪನ. ಗಟ್ಟಿ ರಟ್ಟು, ಒತ್ತಾಗಿ ತುಂಬಿದ ಪತ್ರಿಕೆ, ವಸ್ತುಗಳ ನಡುವೆ ಒಂದೊಂದು ಪದರ, ಇಷ್ಟಿದ್ದರೆ ಸಾಕು.

ಕೊರಿಯರ್ ಪೆಟ್ಟಿಗೆಯ ಕಥೆ ಬೇರೆ. ಅದು ಹಲವು ಗೋದಾಮುಗಳಲ್ಲಿ ಇಳಿದು ಹತ್ತುತ್ತದೆ, ಸಾಗುಪಟ್ಟಿಯ ಮೇಲೆ ಓಡುತ್ತದೆ, ಒಬ್ಬನೇ ಎತ್ತಬಲ್ಲಷ್ಟು ಹಗುರವಾಗಿರುವುದರಿಂದಲೇ ಎಸೆಯಲ್ಪಡುತ್ತದೆ. ಅದು ಯಾವ ಮಗ್ಗುಲಿಗೆ ಬೀಳುವುದೆಂದು ಹೇಳಲಾಗದು. ಅಂತಾರಾಷ್ಟ್ರೀಯ ಸುರಕ್ಷಿತ ಸಾಗಣೆ ಸಂಘವಾದ 'ಇಸ್ಟಾ' ರೂಪಿಸಿರುವ ಪ್ರಾಥಮಿಕ ಪರೀಕ್ಷೆಯೊಂದರಲ್ಲಿ 10 ಕಿಲೋಗ್ರಾಮಿಗಿಂತ ಹಗುರವಾದ ಪೆಟ್ಟಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ ಹತ್ತು ಬಾರಿ ಬೀಳಿಸುತ್ತಾರೆ: ಒಂದು ಮೂಲೆಯ ಮೇಲೆ, ಆ ಮೂಲೆಯಿಂದ ಹೊರಡುವ ಮೂರು ಅಂಚುಗಳ ಮೇಲೆ, ಅನಂತರ ಆರು ಮುಖಗಳ ಮೇಲೆ. ಪೆಟ್ಟಿಗೆ ಭಾರವಾದಂತೆ ಈ ಎತ್ತರವನ್ನು ತಗ್ಗಿಸುತ್ತಾರೆ, ಏಕೆಂದರೆ ಭಾರದ ಪೆಟ್ಟಿಗೆಯನ್ನು ಯಾರೂ ಅಷ್ಟು ಎತ್ತರದಿಂದ ಎಸೆಯುವುದಿಲ್ಲ. ಕೊರಿಯರ್‌ಗೆ ಕಟ್ಟುವವರು ಈ ಹತ್ತು ಪೆಟ್ಟುಗಳನ್ನು ಕಣ್ಣ ಮುಂದಿಟ್ಟುಕೊಳ್ಳುವುದು ಉಚಿತ. ಒಮ್ಮೆ ಕುಸಿದು ಏಳದ ಪತ್ರಿಕೆಗೆ ಇಲ್ಲಿ ಮುಖ್ಯ ಮೆತ್ತೆಯ ಸ್ಥಾನವಿಲ್ಲ.

ಮನೆ ಸಾಗಣೆ: ತಟ್ಟೆಗಳ ಪೆಟ್ಟಿಗೆ

ಪಿಂಗಾಣಿ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಿ ಇಡುವುದು ಸಹಜವೆಂದು ತೋರುತ್ತದೆ. ಆದರೆ ಹಾಗಿಟ್ಟಾಗ ಎಲ್ಲಕ್ಕಿಂತ ಕೆಳಗಿನ ತಟ್ಟೆಯು ಮೇಲಿನ ಎಲ್ಲ ತಟ್ಟೆಗಳ ಭಾರವನ್ನು ಹೊತ್ತು ಬಾಗಬೇಕಾಗುತ್ತದೆ. ಪಿಂಗಾಣಿ ಬಾಗುವುದಿಲ್ಲ, ಬಿರಿಯುತ್ತದೆ. ಪುಸ್ತಕಗಳಂತೆ ಅಂಚಿನ ಮೇಲೆ ನಿಲ್ಲಿಸಿದರೆ ಪ್ರತಿ ತಟ್ಟೆಯೂ ತನ್ನ ಭಾರವನ್ನಷ್ಟೇ ಹೊರುತ್ತದೆ, ಕೆಳಗಿನಿಂದ ಬಂದ ಪೆಟ್ಟು ಅಂಚಿನ ವೃತ್ತದುದ್ದಕ್ಕೂ ಹರಡುತ್ತದೆ.

ಪೆಟ್ಟಿಗೆಯ ತಳದಲ್ಲಿ ಸಡಿಲವಾಗಿ ಮುದುರಿದ ಪತ್ರಿಕೆಯ ಉಂಡೆಗಳನ್ನು ಒತ್ತೊತ್ತಾಗಿ ಎಂಟು ಸೆಂಟಿಮೀಟರಿನಷ್ಟು ಹಾಸಬೇಕು. ಕೈಯಿಂದ ಒತ್ತಿದಾಗ ತಗ್ಗಿ ಸ್ವಲ್ಪ ಮೇಲೆದ್ದರೆ ಹದ ಸರಿ. ಕಲ್ಲಿನಂತಿದ್ದರೆ ಬಿಗಿ ಹೆಚ್ಚಾಯಿತು, ಕೈ ತಳ ಮುಟ್ಟಿದರೆ ಕಡಿಮೆಯಾಯಿತು. ಪ್ರತಿ ತಟ್ಟೆಗೂ ಎರಡು ಪತ್ರಿಕೆಯ ಹಾಳೆಗಳನ್ನು ಸುತ್ತಿ, ಎರಡು ತಟ್ಟೆಗಳ ನಡುವೆ ಎರಡು ಮಿಲಿಮೀಟರಿನ ತೆಳು ಫೋಮ್ ಹಾಳೆಯೊಂದನ್ನಿಟ್ಟು, ನಾಲ್ಕು ನಾಲ್ಕನ್ನು ಒಂದು ಕಟ್ಟಾಗಿ ಮತ್ತೆ ಸುತ್ತಬಹುದು. ಕಟ್ಟುಗಳು ನಿಂತ ಮೇಲೆ ಬದಿಗಳಲ್ಲಿಯೂ ಮೇಲೆಯೂ ಜಾಗ ಉಳಿಯದಂತೆ ಪತ್ರಿಕೆ ತುಂಬಬೇಕು. ಚಿನ್ನದ ಗೆರೆಯಿರುವ ತಟ್ಟೆಗಳಿಗೆ ಮೊದಲ ಸುತ್ತು ಮುದ್ರಣವಿಲ್ಲದ ಕಾಗದದ್ದಾಗಿರಲಿ, ಏಕೆಂದರೆ ಅಲುಗಾಟದಲ್ಲಿ ಪತ್ರಿಕೆ ಆ ಗೆರೆಯನ್ನು ಉಜ್ಜುತ್ತದೆ.

ತುಂಬಿದ ಪೆಟ್ಟಿಗೆ 15 ಕಿಲೋಗ್ರಾಂ ಮೀರಬಾರದು. ಅದಕ್ಕಿಂತ ಭಾರವಾದರೆ ಎತ್ತುವವನ ಕೈ ಸೋತು ಕೊನೆಯ ಅಡಿಯಲ್ಲಿ ಪೆಟ್ಟಿಗೆ ಬೀಳುತ್ತದೆ. ಸಾಧ್ಯವಾದರೆ ಹಿಂದಿನ ದಿನವೇ ತುಂಬಿ, ಮುಚ್ಚದೆ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಕುಸಿದ ಜಾಗಕ್ಕೆ ಮತ್ತಷ್ಟು ಪತ್ರಿಕೆ ಸೇರಿಸಿ ಟೇಪ್ ಹಾಕುವುದು ಅನುಭವಿಗಳ ಪದ್ಧತಿ. ಗಾಜಿನ ಲೋಟಗಳಿಗೆ, ಒಳಗೆ ರಟ್ಟಿನ ಅಡ್ಡಗೋಡೆಗಳಿರುವ ಬಾಟಲಿ ಪೆಟ್ಟಿಗೆಗಳು ಬಹಳ ಅನುಕೂಲ. ಲೋಟವನ್ನು ಸುತ್ತಿ ಒಂದೊಂದು ಕೋಣೆಯಲ್ಲಿ ಬಾಯಿ ಕೆಳಗಾಗಿ ಇಡಬಹುದು. ಒಂದರೊಳಗೊಂದು ಲೋಟ ಇಡುವುದು ಮಾತ್ರ ಸಲ್ಲದು. ಕಂಪನದಲ್ಲಿ ಒಳಗಿನದು ಬೆಣೆಯಂತೆ ಇಳಿದು ಹೊರಗಿನದನ್ನು ಸೀಳುತ್ತದೆ.

ಮಳೆಗಾಲದಲ್ಲಿ ಕರಾವಳಿ, ಮಲೆನಾಡುಗಳ ಕಡೆಗೆ ಸಾಗಿಸುವವರು ರಟ್ಟಿನ ಇನ್ನೊಂದು ದೌರ್ಬಲ್ಯವನ್ನು ತಿಳಿದಿರಬೇಕು. ನೀರು ಬೀಳದಿದ್ದರೂ ಗಾಳಿಯ ತೇವವನ್ನಷ್ಟೇ ಹೀರಿ ರಟ್ಟು ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳಬಹುದು. ಬೇಸಗೆಯಲ್ಲಿ ಮೂರು ಪೆಟ್ಟಿಗೆಗಳನ್ನು ಹೊತ್ತ ಪೆಟ್ಟಿಗೆ ಜುಲೈ ತಿಂಗಳಲ್ಲಿ ಎರಡಕ್ಕೇ ಕುಗ್ಗುತ್ತದೆ. ಪೆಟ್ಟಿಗೆಗಳನ್ನು ಹಸಿ ನೆಲದ ಮೇಲಿಡದೆ, ಒಡೆಯುವ ವಸ್ತುಗಳ ಪೆಟ್ಟಿಗೆಗಳನ್ನು ಎಲ್ಲಕ್ಕಿಂತ ಮೇಲೆ ಇರಿಸುವಂತೆ ಲಾರಿಯವರಿಗೆ ಹೇಳಿಡುವುದು ಒಳಿತು.

ಕೊರಿಯರ್: ಸರಸ್ವತಿಯ ಗೊಂಬೆ

ಮೇಲೆ ಹೇಳಿದ ಗೊಂಬೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎತ್ತರ 30 ಸೆಂಟಿಮೀಟರ್, ಅಗಲವಾದೆಡೆಯಲ್ಲಿ 12 ಸೆಂಟಿಮೀಟರ್, ತೂಕ 1.6 ಕಿಲೋಗ್ರಾಂ. ಅದರ ದುರ್ಬಲ ಭಾಗಗಳು ಕುತ್ತಿಗೆ, ಮುಂದೆ ಚಾಚಿದ ಕೈಗಳು ಮತ್ತು ವೀಣೆಯ ತುದಿ.

ಇಂತಹ ಗೊಂಬೆಗೆ ನೇರವಾಗಿ ಬಬಲ್ ರ‍್ಯಾಪ್ ಸುತ್ತುವುದು ಮೊದಲ ತಪ್ಪು. ಸುತ್ತುವ ಹಾಳೆಯನ್ನು ಬಿಗಿಯಾಗಿ ಎಳೆದಾಗ ಆ ಬಿಗಿತವೆಲ್ಲ ಹೊರಚಾಚಿದ ಭಾಗದ ಮೇಲೆಯೇ ಬೀಳುತ್ತದೆ. ಪುಣೆಗೆ ಹೊರಡುವ ಮುನ್ನವೇ ವೀಣೆ ಮೈಸೂರಿನಲ್ಲಿಯೇ ಮುರಿಯಲೂಬಹುದು. ಅದಕ್ಕಾಗಿ ಮೊದಲು ಗೊಂಬೆಯ ತಗ್ಗುಗಳನ್ನು ತುಂಬಬೇಕು. ಕುತ್ತಿಗೆಯ ಸುತ್ತ, ಕೈಗೂ ಮೈಗೂ ನಡುವೆ, ವೀಣೆಯ ಹಿಂದೆ ಮೆತ್ತನೆಯ ಬಿಳಿ ಕಾಗದವನ್ನೋ ಹಳೆಯ ಹತ್ತಿ ಸೀರೆಯ ತುಂಡುಗಳನ್ನೋ ಒತ್ತದೆ ಸೇರಿಸುತ್ತ ಹೋಗಬೇಕು. ಏರುತಗ್ಗುಗಳೆಲ್ಲ ಸಮವಾಗಿ ಗೊಂಬೆ ಒಂದು ಕಂಬದ ಆಕಾರಕ್ಕೆ ಬಂದಾಗ ಈ ಹಂತ ಮುಗಿಯಿತು. ಇದಾದ ಮೇಲೆ ಎಷ್ಟು ಸುತ್ತಿದರೂ ಬಿಗಿತ ಎಲ್ಲ ಕಡೆ ಸಮನಾಗಿ ಹಂಚಿಹೋಗುತ್ತದೆ.

ಅನಂತರ ಇಡೀ ಗೊಂಬೆಗೆ ಒಂದು ಸುತ್ತು ಬಿಳಿ ಕಾಗದ, ಅದರ ಮೇಲೆ ಸಣ್ಣ ಗುಳ್ಳೆಯ ಬಬಲ್ ರ‍್ಯಾಪಿನ ಎರಡು ಸುತ್ತು. ಕಾಗದವಿಲ್ಲದೆ ಪ್ಲಾಸ್ಟಿಕ್ ನೇರವಾಗಿ ತಾಗಿದರೆ ಬಿಸಿಲಿಗೆ ಕಾದ ವಾಹನದಲ್ಲಿ ಬಣ್ಣಕ್ಕೆ ಅಂಟಿ ಗುಳ್ಳೆಗಳ ಉರುಟು ಗುರುತು ಉಳಿಯಬಹುದು. ಗಾಜಿಲ್ಲದ ವರ್ಣಚಿತ್ರಗಳಿಗೂ ಇದೇ ಎಚ್ಚರ ಬೇಕು. ಟೇಪನ್ನು ಬಬಲ್ ರ‍್ಯಾಪಿನ ಮೇಲಷ್ಟೇ ಹಾಕಿ, ಅದರ ತುದಿಯನ್ನು ತುಸು ಮಡಿಸಿ ಬಿಟ್ಟರೆ ಬಿಚ್ಚುವವರಿಗೆ ಚಾಕು ಬೇಕಾಗುವುದಿಲ್ಲ. 'ತಲೆ ಈ ಕಡೆ' ಎಂದು ಬರೆದಿಟ್ಟರೆ ಇನ್ನೂ ಉತ್ತಮ. ಈಗ ಸುತ್ತಿದ ಗೊಂಬೆಯ ಅಳತೆ ಸುಮಾರು 14, 14, 32 ಸೆಂಟಿಮೀಟರ್.

ಮುಂದಿನದು ಒಳಪೆಟ್ಟಿಗೆ. 18, 18, 36 ಸೆಂಟಿಮೀಟರಿನ ಮೂರು ಪ್ಲೈ ಪೆಟ್ಟಿಗೆಯ ಆರು ಕಡೆಯೂ ಎರಡು ಸೆಂಟಿಮೀಟರ್ ದಪ್ಪದ ಇಪಿಇ ಫೋಮ್ ಹಾಸಿದರೆ ಗೊಂಬೆ ಅಲುಗದೆ ಕೂರುತ್ತದೆ. ಮುಚ್ಚಳ ಮುಚ್ಚುವಾಗ ಲಘುವಾದ ತಡೆ ಸಿಗಬೇಕು, ಆದರೆ ಪೆಟ್ಟಿಗೆ ಉಬ್ಬಬಾರದು. ಉಬ್ಬಿದ ಪೆಟ್ಟಿಗೆಯ ಮೇಲೆ ಇನ್ನೊಂದು ಪೆಟ್ಟಿಗೆ ಕೂತಾಗ ಭಾರ ಗೋಡೆಗಳಿಗೆ ಹೋಗದೆ ನೇರವಾಗಿ ಗೊಂಬೆಯ ಮೇಲೆಯೇ ಬೀಳುತ್ತದೆ. ಗೊಂಬೆ ಅಲುಗದಂತೆ ಹಿಡಿದಿಡುವುದು ಒಳಪೆಟ್ಟಿಗೆಯ ಕೆಲಸ, ಪೆಟ್ಟನ್ನು ನುಂಗುವುದು ಅದರ ಹೊರಗಿನ ಜಾಗದ ಕೆಲಸ.

ಹೊರಪೆಟ್ಟಿಗೆ ಐದು ಪ್ಲೈನದು, ಒಳ ಅಳತೆ 28, 28, 46 ಸೆಂಟಿಮೀಟರ್. ಆರು ಕಡೆಯೂ ಐದು ಸೆಂಟಿಮೀಟರ್ ಉಳಿಯುತ್ತದೆ. ಈ ಜಾಗಕ್ಕೆ ಇಡೀ ಫೋಮ್ ಹಲಗೆಗಳನ್ನು ತುಂಬುವ ಬದಲು, ಒಳಪೆಟ್ಟಿಗೆಯ ಪ್ರತಿ ಮುಖದ ನಾಲ್ಕು ಮೂಲೆಗಳಲ್ಲಿ ಐದೈದು ಸೆಂಟಿಮೀಟರಿನ ಚೌಕ ಫೋಮ್ ತುಂಡುಗಳನ್ನು ಅಂಟಿಸುವುದು ಮೇಲು. ಒಳಪೆಟ್ಟಿಗೆಯ ತೂಕ ಎರಡು ಕಿಲೋಗ್ರಾಮಿಗೆ ತುಸು ಹೆಚ್ಚು ಅಷ್ಟೆ. ಇಡೀ ಹಲಗೆಯನ್ನು ತಗ್ಗಿಸಲು ಅದರ ಭಾರ ಸಾಲದು, ಸಣ್ಣ ತುಂಡುಗಳನ್ನು ತಗ್ಗಿಸಲು ಸಾಕು. ಜೊತೆಗೆ ಪೆಟ್ಟು ಒಳಪೆಟ್ಟಿಗೆಯ ಗಟ್ಟಿ ಭಾಗವಾದ ಮೂಲೆಗಳಿಗೇ ತಲಪುತ್ತದೆ. ದಪ್ಪ ಫೋಮ್ ಸಿಗದಿದ್ದರೆ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ದಪ್ಪ ಮಾಡಿಕೊಳ್ಳಬಹುದು, ಅಥವಾ ದೊಡ್ಡ ಗುಳ್ಳೆಯ ಬಬಲ್ ರ‍್ಯಾಪನ್ನು ಸುರುಳಿ ಸುತ್ತಿ ಇಡಬಹುದು. ತುಂಡುಗಳ ನಡುವೆ ಉಳಿದ ಜಾಗಕ್ಕೆ ಮುದುರಿದ ಕಾಗದ ಹಾಕಬೇಕು. ಪತ್ರಿಕೆಯೂ ಇಲ್ಲಿ ನಡೆಯುತ್ತದೆ, ಏಕೆಂದರೆ ಪೆಟ್ಟಿನ ಹೊಣೆ ಅದರದ್ದಲ್ಲ.

ಪೆಟ್ಟಿಗೆಯ ಬಾಯಿಗೆ 48 ಮಿಲಿಮೀಟರ್ ಅಗಲದ ಟೇಪನ್ನು ನಡುವಿನ ಸೀಳಿನುದ್ದಕ್ಕೂ ಎರಡು ಬದಿಯ ಅಂಚುಗಳ ಮೇಲೂ ಹಾಕಬೇಕು. ತಳಕ್ಕೂ ಇದೇ ಕ್ರಮ. ವಿಳಾಸ ಬರೆದ ಚೀಟಿಯೊಂದು ಪೆಟ್ಟಿಗೆಯ ಒಳಗೂ ಇರಲಿ, ಹೊರಗಿನ ಚೀಟಿ ಕಿತ್ತುಹೋದರೆ ಅದೇ ಗತಿ. ಗಾಜಿನ ಬಟ್ಟಲು, ಮೇಲ್ಮುಖ ಬಾಣ, ಕೊಡೆ ಈ ಮೂರು ಅಂತಾರಾಷ್ಟ್ರೀಯ ಗುರುತುಗಳನ್ನು ಭಾಷೆ ಬಾರದವರೂ ತಿಳಿಯಬಲ್ಲರಾದ್ದರಿಂದ ಅವುಗಳನ್ನು ಹಾಕುವುದರಲ್ಲಿ ತಪ್ಪಿಲ್ಲ. ಆದರೆ ಸಾಗುಪಟ್ಟಿಗೆ ಗುರುತು ಓದಲು ಬರುವುದಿಲ್ಲ. ಪೆಟ್ಟಿಗೆ ಯಾವ ಮಗ್ಗುಲಿಗೆ ಬಿದ್ದರೂ ಉಳಿಯುವಂತೆ ಕಟ್ಟಿದ ಮೇಲೆಯೇ ಗುರುತಿಗೆ ಬೆಲೆ.

ಜಾಗಕ್ಕೂ ದರವಿದೆ

ಇಷ್ಟೆಲ್ಲ ಜಾಗ ಬಿಟ್ಟು ಕಟ್ಟಿದ ಪೆಟ್ಟಿಗೆಯ ನಿಜವಾದ ತೂಕ ಮೂರು ಕಿಲೋಗ್ರಾಮಿನ ಆಸುಪಾಸು. ಆದರೆ ಕೊರಿಯರ್ ದರ ಅದರ ಮೇಲೆಯೇ ನಿಲ್ಲುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿದಾಗ ಬರುವುದು ಗಾತ್ರದ ತೂಕ. ನಿಜವಾದ ತೂಕ, ಗಾತ್ರದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಭಾಜಕ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುವುದುಂಟು, ಕಟ್ಟುವ ಮೊದಲೇ ಕೇಳಿ ತಿಳಿಯಬೇಕು.

ಗೊಂಬೆಯ ಪೆಟ್ಟಿಗೆಯ ಹೊರ ಅಳತೆ 29, 29, 47 ಸೆಂಟಿಮೀಟರ್ ಎಂದಾದರೆ ಗಾತ್ರದ ತೂಕ 7.9 ಕಿಲೋಗ್ರಾಂ. ಒಳಪೆಟ್ಟಿಗೆಯನ್ನು ಕೈಬಿಟ್ಟು, ಸುತ್ತಿದ ಗೊಂಬೆಯನ್ನು ನೇರವಾಗಿ ಐದು ಸೆಂಟಿಮೀಟರ್ ಮೆತ್ತೆಯ ನಡುವೆ ಇಟ್ಟರೆ ಪೆಟ್ಟಿಗೆ 25, 25, 43 ಸೆಂಟಿಮೀಟರಿಗೆ ಇಳಿಯುತ್ತದೆ, ಗಾತ್ರದ ತೂಕ 5.4 ಕಿಲೋಗ್ರಾಂ ಆಗುತ್ತದೆ. ಎರಡೂವರೆ ಕಿಲೋಗ್ರಾಮಿನ ದರ ಉಳಿಯಿತು. ಕೈಕಾಲು ಚಾಚದ, ಗಟ್ಟಿಮುಟ್ಟಾದ ಪಿಂಗಾಣಿ ಬಟ್ಟಲಿಗೆ ಈ ಉಳಿತಾಯ ಒಪ್ಪತಕ್ಕದ್ದೇ. ಆದರೆ ಚಾಚಿದ ಭಾಗಗಳಿರುವ ಗೊಂಬೆಯಲ್ಲಿ ಮೆತ್ತೆಯ ತುಂಡುಗಳು ಕೈಯನ್ನೋ ವೀಣೆಯನ್ನೋ ಒತ್ತುವ ಸಂಭವವಿರುವುದರಿಂದ ಸಮತಟ್ಟಾದ ಒಳಪೆಟ್ಟಿಗೆ ಅನಿವಾರ್ಯ. ಹಣ ಉಳಿಸಲೇಬೇಕಾದರೆ ಪೆಟ್ಟಿಗೆಗಳ ಸಂಖ್ಯೆಯನ್ನು ಕಡಿಮೆ ಮಾಡಬಹುದು. ಐದು ಸೆಂಟಿಮೀಟರಿನ ಅಂತರವನ್ನು ಎರಡಕ್ಕೆ ಇಳಿಸುವುದು ಉಳಿತಾಯವಲ್ಲ, ಮೊದಲು ಹೇಳಿದ ಲೆಕ್ಕದಂತೆ ಪೆಟ್ಟನ್ನು ಎರಡೂವರೆ ಪಟ್ಟು ಹೆಚ್ಚಿಸುವುದು.

ಒಪ್ಪಿಸುವ ಮುನ್ನ, ಬಿಚ್ಚುವಾಗ

ಕಟ್ಟು ಸರಿಯಾಗಿದೆಯೇ ಎಂದು ತಿಳಿಯಲು ಮೂರು ಪರೀಕ್ಷೆಗಳಿವೆ. ಪೆಟ್ಟಿಗೆಯನ್ನು ಎರಡೂ ಕೈಗಳಲ್ಲಿ ಹಿಡಿದು ಆರೂ ದಿಕ್ಕಿಗೆ ಓರೆ ಮಾಡಿ ಮೆಲ್ಲನೆ ಅಲುಗಿಸಬೇಕು. ಸದ್ದು ಕೇಳಿದರೆ, ಅಥವಾ ಸದ್ದಿಲ್ಲದಿದ್ದರೂ ಒಳಗೆ ಏನೋ ಸರಿದ ಅನುಭವ ಕೈಗೆ ಬಂದರೆ ಮತ್ತೆ ತೆರೆಯಬೇಕು. ಎರಡನೆಯದಾಗಿ, ಪೆಟ್ಟಿಗೆಯ ಪ್ರತಿ ಮುಖದ ನಡುವೆ ಅಂಗೈಯಿಂದ ಒತ್ತಬೇಕು. ರಟ್ಟು ಬಾಗಿ ಒಳಗೆ ಟೊಳ್ಳು ಸಿಕ್ಕರೆ ತುಂಬುವಸ್ತು ಸಾಲದು, ಗಟ್ಟಿಯಾದದ್ದೇನೋ ಕೈಗೆ ತಾಗಿದರೆ ಅಂತರ ಸಾಲದು. ಮೂರನೆಯದಾಗಿ, ಮೇಜಿನ ಮೇಲಿಟ್ಟು ಮುಚ್ಚಳದ ಮೇಲೆ ಉದ್ದನೆಯ ಅಳತೆಪಟ್ಟಿ ಇಟ್ಟು ನೋಡಬೇಕು. ಪಟ್ಟಿ ನಡುವಿನಲ್ಲಿ ಏರಿದ್ದರೆ ಪೆಟ್ಟಿಗೆ ಉಬ್ಬಿದೆಯೆಂದು ಅರ್ಥ.

ಗಾಜು, ಮಣ್ಣು, ಪಿಂಗಾಣಿಗಳ ಹಾನಿಗೆ ಕೊರಿಯರ್ ಸಂಸ್ಥೆಗಳು ತಮ್ಮ ಷರತ್ತುಗಳಲ್ಲಿ ಸಾಮಾನ್ಯವಾಗಿ ಹೊಣೆಯನ್ನು ಸೀಮಿತಗೊಳಿಸಿಕೊಂಡಿರುತ್ತವೆ. ರಸೀದಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದು, ಕಟ್ಟುವ ಪ್ರತಿ ಹಂತದ ಛಾಯಾಚಿತ್ರ ತೆಗೆದಿಡುವುದು ಆದುದರಿಂದ ಅಗತ್ಯ. ಲಾರಿಯಲ್ಲಿ ಮನೆ ಸಾಮಾನು ಸಾಗಿಸಿದಾಗ ಹಾನಿಯಾದರೆ, 2007ರ ರಸ್ತೆ ಸರಕು ಸಾಗಣೆ ಕಾಯಿದೆಯಂತೆ ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸ್ ತಲಪಿಸಿರದಿದ್ದರೆ ದಾವೆ ಹೂಡಲು ಬರುವುದಿಲ್ಲ. ಹಾನಿಯಾದ ಪೆಟ್ಟಿಗೆಯನ್ನೂ ಒಳಗಿನ ತುಂಬುವಸ್ತುವನ್ನೂ ಎಸೆಯಬಾರದು. ಕಟ್ಟು ಸರಿಯಾಗಿತ್ತೆಂಬುದಕ್ಕೆ ಅದೇ ಸಾಕ್ಷಿ.

ಬಂದು ತಲಪಿದ ಮೇಲೆ ಒಡೆಯುವ ವಸ್ತುಗಳೂ ಇವೆ. ಚಾಕುವನ್ನು ಆಳವಾಗಿ ಇಳಿಸುವುದು, ಸುತ್ತಿದ ವಸ್ತುವನ್ನು ತಲೆ ಹಿಡಿದು ಮೇಲೆತ್ತುವುದು, ಪತ್ರಿಕೆಯ ರಾಶಿಯೊಳಗೆ ಉಳಿದ ಸಣ್ಣ ಮುಚ್ಚಳವನ್ನು ಕಸದೊಂದಿಗೆ ಎಸೆಯುವುದು ಇವೆಲ್ಲ ಕೊನೆಯ ಗಳಿಗೆಯ ತಪ್ಪುಗಳು. ಹಾಸಿಗೆಯ ಮೇಲೋ ಮಡಿಸಿದ ಕಂಬಳಿಯ ಮೇಲೋ ಇಟ್ಟು ಬಿಚ್ಚಬೇಕು. ಸುತ್ತಿದ ಗೊಂಬೆಯನ್ನು ತಳಕ್ಕೆ ಕೈಕೊಟ್ಟು ಎತ್ತಬೇಕು. ಕುತ್ತಿಗೆಯ ಸುತ್ತಲಿನ ಬಟ್ಟೆಯನ್ನು ಎಳೆಯದೆ, ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ಬಿಡಿಸುತ್ತ ಬರಬೇಕು. ಎರಡೂ ಪೆಟ್ಟಿಗೆಗಳನ್ನೂ ಫೋಮ್ ತುಂಡುಗಳನ್ನೂ ತೆಗೆದಿಟ್ಟರೆ ಗೊಂಬೆ ಮುಂದಿನ ನವರಾತ್ರಿಯವರೆಗೆ ಅಟ್ಟದ ಮೇಲೆ ಅದರಲ್ಲಿಯೇ ಕ್ಷೇಮವಾಗಿರುತ್ತದೆ.